ಮ್ಯಾನ್ಯುಯಲ್‌ಗೆ ಕತ್ತರಿ ಎಲ್ಲಿ ಹಾಕಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಹೋಮ್ ಅಪ್ಲಯನ್ಸಸ್ ಅಂಗಡಿ ಇದೆ. ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಕೊಂಡವರು ದಿನಾ ಅದೇ ಅದೇ ಪ್ರಶ್ನೆಗೆ ಫೋನ್ ಮಾಡ್ತಾರೆ. 48 ಪುಟದ ಇಂಗ್ಲಿಷ್ ಮ್ಯಾನ್ಯುಯಲ್ ಮುಂದಿಟ್ಟುಕೊಂಡು ಕನ್ನಡದಲ್ಲಿ ಚಿಕ್ಕ ವಿಡಿಯೊ ಮಾಡಿ ವಾಟ್ಸಾಪ್‌ಗೆ ಕಳಿಸೋಣ ಅಂತ ಹೊರಟೆ. ಅಧ್ಯಾಯಕ್ಕೆ ಒಂದರಂತೆ ಮಾಡಿದೆ. ‘ನಿರ್ವಹಣೆ’ ಅನ್ನೋ ಒಂದೇ ವಿಡಿಯೊ ಏಳು ನಿಮಿಷ ಆಯ್ತು. ಅದನ್ನು ನೋಡಿದವರೂ ಮತ್ತೆ ಫೋನ್ ಮಾಡ್ತಿದ್ದಾರೆ. ಎಲ್ಲಿ ತಪ್ಪಿದೆ? ಬೋರ್‌ವೆಲ್ ನೀರಿನ ಬಗ್ಗೆ ನಾನೇ ಬರೆದ ಉದ್ದನೆಯ ಬ್ಲಾಗ್ ಬರಹವೂ ಇದೆ. ಅದನ್ನೂ ಹೀಗೇ ತುಂಡು ಮಾಡಬಹುದಾ?

ಉತ್ತರ: ಅಧ್ಯಾಯದ ಗೆರೆ ನೋಡಿ ಕತ್ತರಿ ಹಾಕಿದ್ದೀರಿ, ತಪ್ಪಿರುವುದು ಅಲ್ಲೇ. ಮ್ಯಾನ್ಯುಯಲ್ ಬರೆಯುವವರು ಮಷಿನ್ನಿನ ಲೆಕ್ಕದಲ್ಲಿ ಬರೆಯುತ್ತಾರೆ. ಮೊದಲು ಎಚ್ಚರಿಕೆಗಳು, ಆಮೇಲೆ ಭಾಗಗಳ ಹೆಸರು, ಕೂರಿಸುವುದು, ಬಳಸುವುದು, ನಿರ್ವಹಣೆ, ಕೊನೆಗೆ ತೊಂದರೆಗಳ ಪಟ್ಟಿ. ಹುಡುಕಿ ನೋಡುವವರಿಗೆ ಆ ಜೋಡಣೆ ಸರಿಯಾಗಿಯೇ ಇದೆ. ಆದರೆ ನಿಮಗೆ ಫೋನ್ ಮಾಡುವವರು ‘ನಿರ್ವಹಣೆ’ ಕಲಿಯಲು ಕೂತಿರುವುದಿಲ್ಲ. ಡ್ರಮ್ಮಿನಲ್ಲಿ ನೀರು ನಿಂತಿದೆ, ಬಟ್ಟೆ ಒಳಗೇ ಇದೆ, ಬಾಗಿಲು ತೆರೆಯುತ್ತಿಲ್ಲ, ಆಫೀಸಿಗೆ ಹೊತ್ತಾಗುತ್ತಿದೆ. ಅವರಿಗೆ ಬೇಕಾದ ನಲವತ್ತು ಸೆಕೆಂಡು ನಿಮ್ಮ ವಿಡಿಯೊದ ಐದನೇ ನಿಮಿಷದಲ್ಲಿ ಎಲ್ಲೋ ಇದೆ. ಅಲ್ಲಿವರೆಗೆ ಕಾಯುವುದಕ್ಕಿಂತ ನಿಮಗೇ ಫೋನ್ ಮಾಡುವುದು ಸುಲಭ ಅಲ್ವಾ?

ಹಾಗಾಗಿ ಕತ್ತರಿ ಹಾಕಬೇಕಾದ್ದು ಮನುಷ್ಯ ಮಷಿನ್ ಮುಂದೆ ನಿಂತ ಹೊತ್ತಿನ ಲೆಕ್ಕದಲ್ಲಿ. ಒಂದು ಹೊತ್ತು, ಒಂದು ಕೆಲಸ, ಆ ಕೆಲಸ ಆಯಿತು ಅಂತ ಹೇಳುವ ಒಂದು ಗುರುತು. ಈ ಮೂರೂ ಒಂದೊಂದೇ ಇದ್ದರೆ ಅದು ಒಂದು ಸ್ಕ್ರಿಪ್ಟ್.

‘ಒಂದೇ ವಿಷಯ ಕಲಿಸಿ’ ಅನ್ನುವ ಮಾತು ಕನ್ನಡದಲ್ಲಿ ಬರೆಯುವವರನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ‘ಇದನ್ನು ನೋಡಿದವರು ಏನು ಮಾಡಬಲ್ಲರು’ ಅಂತ ಒಂದು ವಾಕ್ಯ ಬರೆದು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಭಾಷೆಯಲ್ಲಿ ‘ಫಿಲ್ಟರ್ ತೊಳೆದು, ರಬ್ಬರ್ ಒರೆಸಿ, ಸೋಪಿನ ಡಬ್ಬಿ ಬಿಚ್ಚಿ, ನಲ್ಲಿಯ ಜಾಲರಿ ಉಜ್ಜಿ ಮಷಿನ್ ಚೊಕ್ಕಟ ಇಡಬಲ್ಲರು’ ಅಂತ ಒಂದೇ ಉಸಿರಿಗೆ ಬರೆದುಬಿಡಬಹುದು. ಕೇಳುವುದಕ್ಕೆ ಒಂದೇ ವಾಕ್ಯ, ಒಳಗೆ ನಾಲ್ಕು ವಿಡಿಯೊ ಕೂತಿವೆ. ನಿಮ್ಮ ಏಳು ನಿಮಿಷ ಹುಟ್ಟಿದ್ದೂ ಹೀಗೇ ಇರಬೇಕು. ಆದ್ದರಿಂದ ವಾಕ್ಯ ಎಣಿಸಬೇಡಿ, ಹೊತ್ತು ಎಣಿಸಿ. ರಬ್ಬರ್ ಒರೆಸುವುದು ಬಟ್ಟೆ ಒಗೆದಾದ ಮೇಲೆ, ನಲ್ಲಿಯ ಜಾಲರಿ ಉಜ್ಜುವುದು ನೀರು ಸಣ್ಣಗೆ ಬರುವಾಗ, ಫಿಲ್ಟರ್ ತೆಗೆಯುವುದು ನೀರು ಹೊರಗೆ ಹೋಗದಿದ್ದಾಗ. ಮೂರು ಬೇರೆ ಹೊತ್ತು, ಮೂರು ಬೇರೆ ಸ್ಕ್ರಿಪ್ಟ್. ಸೋಪಿನ ಡಬ್ಬಿಯದು ನಾಲ್ಕನೆಯದು.

ಹಿಂದಿನ ಪುಟದಿಂದ ಶುರು ಮಾಡಿ

ಮ್ಯಾನ್ಯುಯಲ್‌ನ ಒಂದು ಪ್ರಿಂಟ್ ತೆಗೆದುಕೊಂಡು ಕೊನೆಯಿಂದ ಓದಿ. ವಾರಂಟಿಗೆ ಮುಂಚೆ ತೊಂದರೆಗಳ ಪಟ್ಟಿ ಇರುತ್ತದೆ. ಇಡೀ ಪುಸ್ತಕದಲ್ಲಿ ಬಳಸುವವರ ಕಡೆ ನಿಂತು ಬರೆದಿರುವುದು ಅದೊಂದೇ. ಅದರ ಪಕ್ಕದಲ್ಲಿ ನಿಮ್ಮ ಅಂಗಡಿಯ ಕಂಪ್ಲೇಂಟ್ ಪುಸ್ತಕ ಇಟ್ಟುಕೊಳ್ಳಿ. ಗಿರಾಕಿಗಳು ಹೇಳಿದ್ದನ್ನು ಅವರ ಬಾಯಿ ಮಾತಲ್ಲೇ ಒಂದೊಂದು ಚೀಟಿಗೆ ಬರೆಯಿರಿ: ‘ನೀರು ಹೊರಗೆ ಹೋಗ್ತಿಲ್ಲ’, ‘ಹಿಂಡುವಾಗ ಮಷಿನ್ ಕುಣಿಯುತ್ತೆ’, ‘ನೀರೇ ತಗೊಳ್ತಿಲ್ಲ’. ಆಮೇಲೆ ಪ್ರತಿ ಚೀಟಿಗೂ ಮ್ಯಾನ್ಯುಯಲ್‌ನ ಯಾವ ಯಾವ ಪುಟ ಬೇಕು ಅಂತ ಹುಡುಕಿ, ಪುಟದ ನಂಬರನ್ನು ಚೀಟಿಯ ಮೂಲೆಯಲ್ಲಿ ಬರೆಯಿರಿ. ಈ ನಂಬರ್ ಮುಂದೆ ಬೇಕಾಗುತ್ತದೆ. ಹೊಸ ಮಾಡೆಲ್ ಬಂದಾಗ ಯಾವ ವಿಡಿಯೊ ಬದಲಿಸಬೇಕು ಅಂತ ಇದೇ ಹೇಳುತ್ತದೆ.

ಹೀಗೆ ಮಾಡುವಾಗ ಎರಡು ಸಂಗತಿ ಕಾಣುತ್ತವೆ. ಒಂದು, ಪಟ್ಟಿಯ ಒಂದೇ ಸಾಲು ಒಡೆದು ಮೂರು ಸ್ಕ್ರಿಪ್ಟ್ ಆಗುತ್ತದೆ. ‘ಮಷಿನ್ ಕುಣಿಯುತ್ತೆ’ ಅನ್ನುವುದನ್ನೇ ತೆಗೆದುಕೊಳ್ಳಿ. ಹೊಸ ಮಷಿನ್ ಆದರೆ ಹಿಂದುಗಡೆಯ ಟ್ರಾನ್ಸಿಟ್ ಬೋಲ್ಟ್ ತೆಗೆದಿರುವುದಿಲ್ಲ. ಫ್ರಂಟ್ ಲೋಡ್‌ನಲ್ಲಿ ಡ್ರಮ್ಮು ಸ್ಪ್ರಿಂಗ್ ಮೇಲೆ ತೂಗುತ್ತಿರುತ್ತದೆ. ಲಾರಿಯಲ್ಲಿ ಬರುವಾಗ ಅದು ಅಲ್ಲಾಡದಿರಲಿ ಅಂತ ಕಂಪನಿಯವರು ಬೋಲ್ಟ್ ಬಿಗಿದಿರುತ್ತಾರೆ. ಅದನ್ನು ಬಿಚ್ಚದೆ ಓಡಿಸಿದರೆ ಡ್ರಮ್ಮಿನ ಅದುರು ಪೂರ್ತಿ ಮೈಗೆ ಬಂದು ಮಷಿನ್ನೇ ನಡೆದುಹೋಗುತ್ತದೆ. ಇದು ಮೊದಲ ದಿನದ ಮಾತು. ಬೋಲ್ಟ್ ತೆಗೆದು, ತೂತಿಗೆ ಕಂಪನಿ ಕೊಟ್ಟ ಮುಚ್ಚಳ ಹಾಕಿ, ಬೋಲ್ಟುಗಳನ್ನು ಎತ್ತಿಟ್ಟುಕೊಳ್ಳಬೇಕು. ಮನೆ ಬದಲಿಸುವಾಗ ಮತ್ತೆ ಬೇಕಲ್ಲ. ಆಯಿತು ಅನ್ನುವುದಕ್ಕೆ ಗುರುತು: ಬಾಗಿಲು ತೆರೆದು ಡ್ರಮ್ಮನ್ನು ಕೈಯಿಂದ ಮೇಲೆ ಕೆಳಗೆ ಒತ್ತಿದರೆ ಅದು ತೂಗುತ್ತದೆ.

ಎರಡನೇ ಕಾರಣ, ಕಾಲುಗಳು ಸಮ ಇಲ್ಲ. ಇದು ಮಷಿನ್ನಿನ ಜಾಗ ಬದಲಿಸಿದ ದಿನದ್ದು. ಎದುರುಬದುರು ಮೂಲೆ ಒತ್ತಿದಾಗ ಅಲ್ಲಾಡದಿದ್ದರೆ ಸರಿಯಾಯಿತು. ಮೂರನೆಯದು, ಇವತ್ತು ಒಂದೇ ಒಂದು ಕಂಬಳಿ ಹಾಕಿದ್ದಾರೆ. ಅದು ನೀರು ಕುಡಿದು ಒಂದು ಕಡೆಗೆ ಮುದ್ದೆಯಾಗಿದೆ. ಎರಡು ಟವೆಲ್ ಜೊತೆಗೆ ಹಾಕಿದರೆ ಭಾರ ಹಂಚಿಕೊಳ್ಳುತ್ತದೆ. ದೂರು ಒಂದೇ ಆದರೂ ಹೊತ್ತು ಮೂರು. ಮೂರನ್ನೂ ಒಂದೇ ವಿಡಿಯೊದಲ್ಲಿ ಹಾಕಿದರೆ, ಕಂಬಳಿ ಹಾಕಿದವರು ಸ್ಪ್ಯಾನರ್ ಹಿಡಿದು ಮಷಿನ್ನಿನ ಹಿಂದೆ ಹೋಗಿ ನಿಲ್ಲುತ್ತಾರೆ.

ಎರಡನೇ ಸಂಗತಿ ಇದಕ್ಕೆ ಉಲ್ಟಾ. ಡ್ರೈನ್ ಫಿಲ್ಟರಿನ ವಿಷಯ ಮ್ಯಾನ್ಯುಯಲ್‌ನಲ್ಲಿ ನಾಲ್ಕು ಕಡೆ ಚದುರಿರುತ್ತದೆ. ನೀರು ಬಿಸಿ ಇರಬಹುದು ಅನ್ನುವ ಮಾತು ಮೊದಲ ಪುಟಗಳ ಎಚ್ಚರಿಕೆಯಲ್ಲಿ, ಫಿಲ್ಟರ್ ಎಲ್ಲಿದೆ ಅನ್ನುವುದು ಭಾಗಗಳ ಚಿತ್ರದಲ್ಲಿ, ತೆಗೆಯುವ ರೀತಿ ನಿರ್ವಹಣೆಯಲ್ಲಿ, ಯಾವಾಗ ತೆಗೆಯಬೇಕು ಅನ್ನುವುದು ತೊಂದರೆಗಳ ಪಟ್ಟಿಯಲ್ಲಿ. ಈ ನಾಲ್ಕೂ ಒಂದೇ ಸ್ಕ್ರಿಪ್ಟಿಗೆ ಬಂದು ಕೂರಬೇಕು. ನಿರ್ವಹಣೆಯ ಪುಟ ಮಾತ್ರ ಕನ್ನಡಕ್ಕೆ ತಂದರೆ ಎಚ್ಚರಿಕೆ ಹಿಂದೆಯೇ ಉಳಿಯುತ್ತದೆ.

ಒಂದು ಸ್ಕ್ರಿಪ್ಟ್ ಪೂರ್ತಿ ಬರೆದು ನೋಡೋಣ

ಫಿಲ್ಟರಿನದ್ದನ್ನೇ ತೆಗೆದುಕೊಳ್ಳೋಣ. ಮೊದಲು ಚೀಟಿಯ ಮೇಲೆ ಮೂರು ಸಾಲು. ಹೊತ್ತು: ನೀರು ಡ್ರಮ್ಮಿನಲ್ಲೇ ನಿಂತಿದೆ. ಕೆಲಸ: ಡ್ರೈನ್ ಫಿಲ್ಟರ್ ತೆಗೆದು ತೊಳೆಯುವುದು. ಗುರುತು: ಮತ್ತೆ ಓಡಿಸಿದಾಗ ನೀರು ಹೊರಗೆ ಹೋಗುತ್ತದೆ, ನೆಲ ಒಣಗಿರುತ್ತದೆ. ಈ ಮೂರಕ್ಕೆ ಸಂಬಂಧ ಇಲ್ಲದ್ದು ಏನೇ ಇದ್ದರೂ, ಎಷ್ಟೇ ಒಳ್ಳೆಯದಾದರೂ ಬೇರೆ ಚೀಟಿಗೆ ಹೋಗಲಿ. ಇನ್ನು ಮಾತು:

> *(ಕಾಣುವುದು: ಗಾಜಿನ ಬಾಗಿಲ ಹಿಂದೆ ನಿಂತ ನೀರು. ಮೂಲೆಯಲ್ಲಿ ಮಾಡೆಲ್ ಹೆಸರು.)*
> ನೀರು ಹೊರಗೆ ಹೋಗದೆ ಹೀಗೆ ನಿಂತಿದೆಯಾ? ಮುಕ್ಕಾಲು ಪಾಲು ಕೆಳಗಿನ ಫಿಲ್ಟರ್ ಕಟ್ಟಿಕೊಂಡಿರುತ್ತೆ.
>
> *(ಪ್ಲಗ್ ಕೀಳುವ ಕೈ.)*
> ಮೊದಲು ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಬಿಸಿ ನೀರಲ್ಲಿ ಒಗೀತಿದ್ರೆ ನೀರು ಪೂರ್ತಿ ಆರೋವರೆಗೆ ಕಾಯಿರಿ.
>
> *(ಕೆಳಗಿನ ಚಿಕ್ಕ ಬಾಗಿಲು. ತಟ್ಟೆ ಒಳಗೆ ಸರಿಯುವುದು.)*
> ಕೆಳಗಡೆ ಈ ಚಿಕ್ಕ ಬಾಗಿಲು ತೆಗೆಯಿರಿ. ಬಕೆಟ್ ಇಲ್ಲಿ ಹಿಡಿಯಲ್ಲ. ಪರಾತದಂಥ ಅಗಲವಾದ ತಟ್ಟೆ ಇಡಿ.
>
> *(ಸಣ್ಣ ಪೈಪು ಹತ್ತಿರದಿಂದ.)*
> ಈ ಸಣ್ಣ ಪೈಪಿನ ಬಿರಡೆ ತೆಗೆದು ನೀರು ಬಿಡಿ. ತಟ್ಟೆ ತುಂಬಿದ್ರೆ ಬಿರಡೆ ಹಾಕಿ, ಚೆಲ್ಲಿ ಬನ್ನಿ. ನೀರು ನಿಲ್ಲೋವರೆಗೆ ಫಿಲ್ಟರ್ ಮುಟ್ಟಬೇಡಿ.
>
> *(ಫಿಲ್ಟರ್ ತಿರುಗುವುದು. ನಾಣ್ಯ, ಹೇರ್‌ಪಿನ್, ದಾರ.)*
> ಈಗ ಫಿಲ್ಟರನ್ನ ಎಡಕ್ಕೆ ತಿರುಗಿಸಿ ಎಳೆಯಿರಿ. ಸಿಕ್ಕಿದ್ದನ್ನ ತೆಗೆದು ನಲ್ಲಿ ಕೆಳಗೆ ತೊಳೆಯಿರಿ. ತೂತಿಗೆ ಟಾರ್ಚ್ ಬಿಟ್ಟು, ಒಳಗೂ ಏನಾದ್ರೂ ಸಿಕ್ಕಿಕೊಂಡಿದೆಯಾ ನೋಡಿ.
>
> *(ಫಿಲ್ಟರಿನ ಹಿಡಿ ಪೂರ್ತಿ ತಿರುಗಿ ನಿಲ್ಲುವುದು. ಎರಡು ಸೆಕೆಂಡು ಅಲ್ಲೇ.)*
> ವಾಪಸ್ ಹಾಕಿ, ಬಲಕ್ಕೆ ತಿರುಗಿಸಿ. ಇನ್ನು ತಿರುಗಲ್ಲ ಅನ್ನೋವರೆಗೆ. ಪೈಪಿನ ಬಿರಡೆನೂ ಗಟ್ಟಿ ಹಾಕಿ.
>
> *(ಒಣ ನೆಲ. ಹೊರಗಿನ ಪೈಪಿನಿಂದ ನೀರು.)*
> ಪ್ಲಗ್ ಹಾಕಿ, ಒಮ್ಮೆ ಬರೀ ನೀರಲ್ಲಿ ಓಡಿಸಿ. ನೀರು ಹೊರಗೆ ಹೋಗಿ, ಇಲ್ಲಿ ನೆಲ ಒಣಗಿದ್ರೆ ಸರಿಯಾಯ್ತು. ಆಗಲೂ ನೀರು ನಿಂತ್ರೆ ಅಂಗಡಿಗೆ ಫೋನ್ ಮಾಡಿ.

ಇದು ಸುಮಾರು 95 ಪದ. ಇಂಗ್ಲಿಷ್‌ನಲ್ಲಿ ಸ್ಕ್ರಿಪ್ಟ್ ಬರೆಯುವವರು ನಿಮಿಷಕ್ಕೆ 150 ಪದದ ಲೆಕ್ಕ ಹಿಡಿಯುತ್ತಾರೆ. ಅದನ್ನು ಕನ್ನಡಕ್ಕೆ ಹಚ್ಚಬೇಡಿ. ನಮ್ಮ ಪದಗಳು ಉದ್ದ, ಒಂದೇ ಪದದಲ್ಲಿ ಎರಡು ಮೂರು ಇಂಗ್ಲಿಷ್ ಪದದ ಕೆಲಸ ಇರುತ್ತದೆ. ನಾನು ಓದುವ ವೇಗಕ್ಕೆ ನಿಮಿಷಕ್ಕೆ 100 ಪದ ಹಿತವಾಗುತ್ತದೆ. ನಿಮ್ಮ ವೇಗವನ್ನು ನೀವೇ ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಅಳೆದುಕೊಳ್ಳಿ. ಕೈ ಕೆಲಸ ತೋರಿಸುವಾಗ ಮಾತು ನಿಲ್ಲಿಸಿ ಸುಮ್ನೆ ತೋರಿಸುವ ಸೆಕೆಂಡುಗಳೂ ಬೇಕು. ಹಾಗೆ ನೋಡಿದರೆ ಈ ಸ್ಕ್ರಿಪ್ಟ್ ಒಂದೂಕಾಲು, ಒಂದೂವರೆ ನಿಮಿಷಕ್ಕೆ ಬರುತ್ತದೆ. ಅಷ್ಟು ಸಾಕು. ಒಂದು ನಿಮಿಷಕ್ಕೇ ಮುಗಿಸಬೇಕು ಅಂತ ಹಟ ಹಿಡಿದು ಬಿರಡೆಯ ಸಾಲು ಕತ್ತರಿಸಿದರೆ ಒಬ್ಬರ ಮನೆ ತುಂಬಾ ನೀರಾಗುತ್ತದೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷದ ಹಿಂದೆ ಇಂಥದೇ ಮಷಿನ್ನಿಗೆ ಸ್ಕ್ರಿಪ್ಟ್ ಬರೆದಾಗ ‘ಇನ್ನು ತಿರುಗಲ್ಲ ಅನ್ನೋವರೆಗೆ’ ಅನ್ನುವ ಮಾತನ್ನು ನಾನೇ ತೆಗೆದುಹಾಕಿದೆ. ವಾಪಸ್ ಹಾಕಿ ಅಂದ ಮೇಲೆ ಗಟ್ಟಿಯಾಗಿಯೇ ಹಾಕುತ್ತಾರೆ, ಇದನ್ನು ಬೇರೆ ಹೇಳಬೇಕಾ ಅನ್ನಿಸಿತ್ತು. ವಿಡಿಯೊದಲ್ಲೂ ಫಿಲ್ಟರ್ ಒಳಗೆ ಹೋಗುವುದನ್ನು ತೋರಿಸಿ ಅಲ್ಲಿಗೇ ಕಟ್ ಮಾಡಿದ್ದೆವು. ಅದನ್ನು ನೋಡಿ ಒಬ್ಬ ಹಿರಿಯರು ಫಿಲ್ಟರನ್ನು ಅರ್ಧ ತಿರುಗಿಸಿ ಚಿಕ್ಕ ಬಾಗಿಲು ಮುಚ್ಚಿದರು. ಮುಂದಿನ ಸಲ ಮಷಿನ್ ನೀರು ತುಂಬಿಕೊಂಡಾಗ ಅದೆಲ್ಲ ಅಡುಗೆಮನೆಗೆ ಹರಿಯಿತು. ಅವರು ವಿಡಿಯೊದಲ್ಲಿ ಕಂಡಷ್ಟನ್ನು ಸರಿಯಾಗಿಯೇ ಮಾಡಿದ್ದರು. ಮ್ಯಾನ್ಯುಯಲ್ ತೆರೆದು ನೋಡಿದರೆ ಆ ಮಾತು ಅಲ್ಲಿ ಬೇರೆಯದೇ ಹೆಜ್ಜೆಯಾಗಿ ಇತ್ತು. ಅಂದಿನಿಂದ ನಾನು ವಿವರಣೆ ಕತ್ತರಿಸುತ್ತೇನೆ, ಕಾರಣ ಕತ್ತರಿಸುತ್ತೇನೆ. ಹೆಜ್ಜೆಯನ್ನು ಮಾತ್ರ ಒಂದೂ ಬಿಡುವುದಿಲ್ಲ. ಹೆಜ್ಜೆ ಜಾಸ್ತಿಯಾಗಿ ಎರಡು ನಿಮಿಷ ದಾಟಿದರೆ, ಆ ಕೆಲಸದ ಮಧ್ಯೆ ಮಷಿನ್ನನ್ನು ಬಿಟ್ಟು ನಡೆಯಬಹುದಾದ ಜಾಗ ಇದೆಯಾ ನೋಡಿ ಅಲ್ಲಿ ಒಡೆಯುತ್ತೇನೆ. ಫಿಲ್ಟರ್ ಕೆಲಸದಲ್ಲಿ ಅಂಥ ಜಾಗ ಇಲ್ಲ. ನೀರು ಬಿಟ್ಟಾದ ಮೇಲೆ ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಹಾಗಾಗಿ ಅದು ಇಡಿಯಾಗಿಯೇ ಇರಬೇಕು.

ಸ್ಕ್ರಿಪ್ಟಿನಲ್ಲಿ ಪಂಪ್ ಹೇಗೆ ಕೆಲಸ ಮಾಡುತ್ತದೆ ಅನ್ನುವ ಮಾತಿಲ್ಲ, ‘ಎಲ್ಲರಿಗೂ ನಮಸ್ಕಾರ’ ಇಲ್ಲ, ಅಂಗಡಿಯ ಹೆಸರೂ ಮೊದಲಲ್ಲಿ ಇಲ್ಲ. ಮೊದಲ ಸಾಲು ನೋಡುವವರ ಕಣ್ಣೆದುರಿಗಿರುವ ನೀರು. ಇದು ನನಗಾಗಿಯೇ ಇರುವ ವಿಡಿಯೊ ಅಂತ ಮೂರು ಸೆಕೆಂಡಿನಲ್ಲಿ ಗೊತ್ತಾಗಬೇಕು. ಅಂಗಡಿ ಹೆಸರು ಕೊನೆಯಲ್ಲಿ, ಫೋನ್ ನಂಬರ್ ಜೊತೆ ಬರಲಿ.

ಎಚ್ಚರಿಕೆಯ ಮಾತು ಕೂತಿರುವ ಜಾಗವನ್ನೂ ಗಮನಿಸಿ. ಮ್ಯಾನ್ಯುಯಲ್ ಎಲ್ಲಾ ಎಚ್ಚರಿಕೆಯನ್ನು ಮೊದಲಿಗೇ ಪೇರಿಸಿಡುತ್ತದೆ. ಚಿಕ್ಕ ಸ್ಕ್ರಿಪ್ಟಿನಲ್ಲಿ ಅದನ್ನು ಆ ಹೆಜ್ಜೆಗೆ ಅಂಟಿಕೊಂಡು, ಹೆಜ್ಜೆಗಿಂತ ಮೊದಲು ಹೇಳಬೇಕು. ಪ್ಲಗ್ ಮತ್ತು ಬಿಸಿ ನೀರಿನ ಮಾತು ಬಾಗಿಲು ತೆಗೆಯುವುದಕ್ಕೆ ಮೊದಲು, ‘ನೀರು ನಿಲ್ಲೋವರೆಗೆ ಮುಟ್ಟಬೇಡಿ’ ಅನ್ನುವುದು ಫಿಲ್ಟರ್ ತಿರುಗಿಸುವುದಕ್ಕೆ ಮೊದಲು. ಪ್ಲಗ್ ತೆಗೆಯುವ ಮಾತನ್ನು ಹಿಂದಿನ ವಿಡಿಯೊದಲ್ಲಿ ಹೇಳಿದ್ದೇನಲ್ಲ ಅಂತ ಬಿಡುವಂತಿಲ್ಲ. ವಾಟ್ಸಾಪ್‌ನಲ್ಲಿ ವಿಡಿಯೊ ಒಂಟಿಯಾಗಿ ಓಡಾಡುತ್ತದೆ. ಯಾರೋ ಯಾರಿಗೋ ಕಳಿಸುತ್ತಾರೆ, ಅವರು ಹಿಂದಿನದನ್ನು ನೋಡಿರುವುದಿಲ್ಲ. ‘ಕಳೆದ ವಿಡಿಯೊದಲ್ಲಿ ನೋಡಿದಂತೆ’ ಅನ್ನುವ ಮಾತು ನಿಮ್ಮ ಸ್ಕ್ರಿಪ್ಟಿನಲ್ಲಿ ಬಂದರೆ ಅದು ಇನ್ನೂ ಒಂಟಿಯಾಗಿ ನಿಲ್ಲುತ್ತಿಲ್ಲ ಅಂತ ಅರ್ಥ.

ಮಾಡೆಲ್ ಹೆಸರು ತೆರೆಯ ಮೇಲೆ ಇರಲೇಬೇಕು ಅನ್ನುವುದೂ ಇದೇ ಕಾರಣಕ್ಕೆ. ಕೆಲವು ಮಷಿನ್ನಿನಲ್ಲಿ ಆ ಸಣ್ಣ ಪೈಪೇ ಇರುವುದಿಲ್ಲ. ಅಲ್ಲಿ ಫಿಲ್ಟರನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ನೀರು ಇಳಿಸಬೇಕು. ಟಾಪ್ ಲೋಡ್ ಮಷಿನ್ನಿನವರು ಫಿಲ್ಟರ್ ಅಂದರೆ ಡ್ರಮ್ಮಿನ ಒಳಗಿನ ನಾರು ಹಿಡಿಯುವ ಚೀಲ ಅಂದುಕೊಳ್ಳುತ್ತಾರೆ.

ಇನ್ನು ಹೆಸರುಗಳು. ಮ್ಯಾನ್ಯುಯಲ್ ಒಂದು ಕಡೆ ಡ್ರೈನ್ ಪಂಪ್ ಫಿಲ್ಟರ್ ಅನ್ನುತ್ತದೆ, ಇನ್ನೊಂದು ಕಡೆ ಡೆಬ್ರಿಸ್ ಫಿಲ್ಟರ್ ಅನ್ನುತ್ತದೆ. ನೀವು ಒಂದೇ ಹೆಸರು ಹಿಡಿದು ಎಲ್ಲಾ ಸ್ಕ್ರಿಪ್ಟಿನಲ್ಲೂ ಅದನ್ನೇ ಹೇಳಿ. ‘ಶೋಧಕ’, ‘ನಿರ್ಗಮನ ನಾಳ’ ಅಂತ ಹುಡುಕಿ ತಂದ ಪದ ಬೇಡ. ‘ಕೆಳಗಿನ ಫಿಲ್ಟರ್’, ‘ಸಣ್ಣ ಪೈಪು’, ‘ಬಿರಡೆ’ ಅಂದರೆ ಕಣ್ಣಿಗೆ ಕಾಣುವುದಕ್ಕೂ ಕಿವಿಗೆ ಬೀಳುವುದಕ್ಕೂ ತಾಳೆಯಾಗುತ್ತದೆ. ನಿಮ್ಮ ಗಿರಾಕಿಗಳು ಫೋನಿನಲ್ಲಿ ಏನನ್ನುತ್ತಾರೋ ಅದೇ ಸರಿಯಾದ ಹೆಸರು.

ಶೂಟ್ ಮಾಡುವ ಮೊದಲು ಒಬ್ಬರ ಕೈ ನೋಡಿ

ಸ್ಕ್ರಿಪ್ಟ್ ಸರಿ ಇದೆಯಾ ಅಂತ ತಿಳಿಯಲು ಕ್ಯಾಮೆರಾ ಬೇಡ. ಫಿಲ್ಟರ್ ಯಾವತ್ತೂ ತೆಗೆಯದ ಒಬ್ಬರನ್ನು ಅಂಗಡಿಯ ಡೆಮೊ ಮಷಿನ್ ಮುಂದೆ ಕೂರಿಸಿ, ಸ್ಕ್ರಿಪ್ಟನ್ನು ಓದಿ. ಓದುವುದು ಬಿಟ್ಟು ಬೇರೆ ಮಾತಾಡಬೇಡಿ, ಬೆರಳು ತೋರಿಸಬೇಡಿ. ಅವರ ಕೈ ಮಾತ್ರ ನೋಡಿ. ಕೈ ಎಲ್ಲಿ ಗಾಳಿಯಲ್ಲಿ ನಿಂತಿತೋ ಅಲ್ಲಿ ಸ್ಕ್ರಿಪ್ಟಿನಲ್ಲಿ ಏನೋ ಬಿಟ್ಟುಹೋಗಿದೆ. ಕೈ ಎಲ್ಲಿ ನಿಮ್ಮ ಮಾತಿಗಿಂತ ಮುಂದೆ ಓಡಿತೋ ಅಲ್ಲಿ ಜಾಸ್ತಿ ಹೇಳಿದ್ದೀರಿ. ಚಿಕ್ಕ ಬಾಗಿಲು ತೆಗೆಯುವುದು ಹೇಗೆ ಅನ್ನುವಲ್ಲಿ ಸಾಮಾನ್ಯವಾಗಿ ಕೈ ನಿಲ್ಲುತ್ತದೆ. ಕೆಲವಕ್ಕೆ ಒತ್ತಿದರೆ ತೆರೆದುಕೊಳ್ಳುತ್ತದೆ, ಕೆಲವಕ್ಕೆ ನಾಣ್ಯ ಹಾಕಿ ಮೀಟಬೇಕು. ನಿಮ್ಮ ಮಾಡೆಲ್ಲಿನದು ಯಾವುದೋ ಅದನ್ನು ಎರಡೇ ಪದದಲ್ಲಿ ಸೇರಿಸಿ. ಮೂರು ಜನರ ಮೇಲೆ ಹೀಗೆ ಓದಿ ನೋಡಿದರೆ ದೊಡ್ಡ ತೂತುಗಳೆಲ್ಲ ಕಾಣುತ್ತವೆ. ನಿಮ್ಮ ಸರ್ವಿಸ್ ಹುಡುಗನ ಮೇಲೆ ಪರೀಕ್ಷೆ ಮಾಡಬೇಡಿ. ಅವನಿಗೆ ಗೊತ್ತಿರುವುದರಿಂದ ಯಾವ ತೂತೂ ಅವನಿಗೆ ಕಾಣುವುದಿಲ್ಲ.

ಮ್ಯಾನ್ಯುಯಲ್‌ನ ಎಲ್ಲವೂ ಸ್ಕ್ರಿಪ್ಟ್ ಆಗಬೇಕಾಗಿಲ್ಲ. ಯಾವ ಬಟ್ಟೆಗೆ ಯಾವ ಪ್ರೋಗ್ರಾಂ ಅನ್ನುವ ಕೋಷ್ಟಕ ನೆನಪಿಟ್ಟುಕೊಳ್ಳುವಂಥದ್ದಲ್ಲ, ನಿಂತಲ್ಲಿ ನೋಡುವಂಥದ್ದು. ಅದನ್ನು ಕನ್ನಡದಲ್ಲಿ ಒಂದು ಸ್ಟಿಕ್ಕರ್ ಮಾಡಿ ಮಷಿನ್ನಿನ ಮೇಲೆ ಅಂಟಿಸಿ ಕೊಡಿ. ಹಿಂದಿನ ಪ್ಯಾನೆಲ್ ಬಿಚ್ಚುವುದು, ಅರ್ಥಿಂಗ್, ಪ್ಲಗ್ ಬದಲಿಸುವುದು ಇವಕ್ಕೆ ಕಲಿಸುವ ವಿಡಿಯೊ ಬೇಡವೇ ಬೇಡ. ಅರ್ಧ ಕಲಿತು ಕೈ ಹಾಕಿದರೆ ಜೀವಕ್ಕೇ ಅಪಾಯ. ಅಲ್ಲಿ ಕಲಿಸಬಹುದಾದ್ದು ಒಂದೇ: ಮಷಿನ್ ಮೈ ಮುಟ್ಟಿದಾಗ ಜುಮ್ ಅಂದರೆ ಮತ್ತೆ ಮುಟ್ಟದೆ, ಆ ಲೈನಿನ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವುದು.

ನಿಮ್ಮ ಬ್ಲಾಗ್ ಬರಹಕ್ಕೆ ಬಂದರೆ

ಅದನ್ನು ಇದೇ ಚೀಟಿಯ ದಾರಿಯಲ್ಲಿ ಒಡೆಯಬಹುದು, ಆದರೆ ಕೈಗೆ ಸಿಗುವುದು ಕಮ್ಮಿ. ಮ್ಯಾನ್ಯುಯಲ್‌ನಲ್ಲಿ ಹೆಜ್ಜೆಗಳು ಜಾಸ್ತಿ, ಕಾರಣಗಳು ಕಮ್ಮಿ. ಬ್ಲಾಗ್ ಬರಹದಲ್ಲಿ ಇದು ತಿರುಗುಮುರುಗು. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುತ್ತದೆ, ಸೋಪಿನ ಜೊತೆ ಸೇರಿ ಗಸಿಯಾಗುತ್ತದೆ, ಕಾಯಿಸಿದಾಗ ಹೀಟರಿಗೆ ಬಿಳಿ ಪೊರೆ ಕಟ್ಟುತ್ತದೆ ಅಂತ ನೀವು ವಿವರವಾಗಿ ಬರೆದಿರುತ್ತೀರಿ. ಪ್ಯಾರಾ ಪ್ಯಾರಾ ಕತ್ತರಿಸಿ ಓದಿದರೆ ತಲೆ ಇಲ್ಲದ ತುಂಡುಗಳಾಗುತ್ತವೆ. ಬರಹವನ್ನು ಓದುತ್ತಾ, ಓದಿದವರು ನಾಳೆ ಬೆಳಿಗ್ಗೆ ಬೇರೆ ರೀತಿ ಮಾಡುವಂಥದ್ದು ಎಲ್ಲಿದೆಯೋ ಅಲ್ಲಿ ಮಾತ್ರ ಗೆರೆ ಎಳೆಯಿರಿ. ಉದ್ದ ಬರಹವಾದರೂ ಮೂರೋ ನಾಲ್ಕೋ ಗೆರೆ ಬಿದ್ದರೆ ಹೆಚ್ಚು.

ಉದಾಹರಣೆಗೆ, ‘ನಮ್ಮ ನೀರು ಗಡಸಾ’ ಅಂತ ಮನೆಯಲ್ಲೇ ನೋಡುವುದು ಒಂದು ಸ್ಕ್ರಿಪ್ಟ್. ಪಾರದರ್ಶಕ ಬಾಟಲಿಗೆ ಅರ್ಧ ನೀರು, ಮೈಗೆ ಹಚ್ಚುವ ಸೋಪಿನ ಸ್ವಲ್ಪ ತುರಿ, ಮುಚ್ಚಳ ಹಾಕಿ ಜೋರಾಗಿ ಕುಲುಕುವುದು. ನೊರೆ ಬಾರದೆ ನೀರು ಹಾಲಿನಂತೆ ಕದಡಿ ಗಸಿ ತೇಲಿದರೆ ನೀರು ಗಡಸು. ಪಕ್ಕದಲ್ಲಿ ಮಳೆ ನೀರೋ ಆರ್‌ಒ ನೀರೋ ಹಾಕಿದ ಇನ್ನೊಂದು ಬಾಟಲಿ ಇಟ್ಟರೆ ವ್ಯತ್ಯಾಸ ತೆರೆಯ ಮೇಲೆ ತಾನಾಗಿ ಕಾಣುತ್ತದೆ. ಇಲ್ಲಿ ಬಟ್ಟೆಯ ಡಿಟರ್ಜೆಂಟ್ ಬಳಸಬೇಡಿ, ಅದು ಗಡಸು ನೀರಿನಲ್ಲೂ ನೊರೆ ಕೊಟ್ಟುಬಿಡುತ್ತದೆ. ಕ್ಯಾಲ್ಸಿಯಂ ವಿಷಯ ಈ ಸ್ಕ್ರಿಪ್ಟಿಗೆ ಒಂದು ವಾಕ್ಯ ಸಾಕು. ಉಳಿದ ವಿವರಣೆ ಬ್ಲಾಗಿನಲ್ಲೇ ಇರಲಿ, ವಿಡಿಯೊ ಕೆಳಗೆ ಅದರ ಲಿಂಕ್ ಹಾಕಿ.

ಯಾವುದರಿಂದ ಶುರು ಮಾಡಲಿ ಅಂದರೆ, ಟ್ರಾನ್ಸಿಟ್ ಬೋಲ್ಟಿನದ್ದು ಮತ್ತು ಫಿಲ್ಟರಿನದ್ದು ಇವೆರಡನ್ನು ಈ ವಾರ ಮುಗಿಸಿ. ಬೋಲ್ಟಿನ ವಿಡಿಯೊ ಗಾಡಿ ಅಂಗಡಿ ಬಿಡುವಾಗಲೇ ಗಿರಾಕಿಯ ಫೋನಿಗೆ ಹೋಗಲಿ. ಮಷಿನ್ ಅವರ ಮನೆ ಮುಟ್ಟುವ ಮೊದಲು ಅದು ಅವರ ಕೈಯಲ್ಲಿರಬೇಕು. ಫಿಲ್ಟರಿನದ್ದನ್ನು ಆಗಲೇ ಕಳಿಸಬೇಡಿ, ಚಾಟಿನ ಅಡಿಗೆ ಹೂತುಹೋಗುತ್ತದೆ. ಫೋನ್ ಎತ್ತುವ ನಿಮ್ಮ ಹುಡುಗರ ಬಳಿ ಅದು ಇರಲಿ. ‘ನೀರು ಹೋಗ್ತಿಲ್ಲ’ ಅನ್ನುವ ಕರೆ ಬಂದ ಕೂಡಲೇ ಅವರು ಅದನ್ನು ಕಳಿಸಲಿ, ಕಂಪ್ಲೇಂಟ್ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಒಂದು ಚುಕ್ಕಿ ಹಾಕಲಿ. ಅವರೇ ಅದೇ ಮಾತಿಗೆ ಮತ್ತೆ ಫೋನ್ ಮಾಡಿದರೆ, ಯಾವ ಹೆಜ್ಜೆಯಲ್ಲಿ ನಿಂತಿರಿ ಅಂತ ಕೇಳಿ ಚುಕ್ಕಿಯ ಪಕ್ಕ ಬರೆಯಲಿ. ಸ್ಕ್ರಿಪ್ಟಿನಲ್ಲಿ ತಿದ್ದಬೇಕಾದ ಸಾಲು ಅದೇ.